ಪರದೆ ಎತ್ತುವ ಅಪ್ಪಣೆ

ದೊಡ್ಡಬಳ್ಳಾಪುರದಿಂದ ತೂಬಗೆರೆ ಕಡೆಗೆ ಹೋಗುವಾಗ, ನೀಲಗಿರಿ ತೋಪು ಕಳೆದ ಮೇಲೆ ಬಲಗಡೆಗೆ ಬಿಳಿ ಪ್ಲಾಸ್ಟಿಕ್ ಹೊದ್ದ ಮೂರು ಪಾಲಿಹೌಸುಗಳು ಕಾಣುತ್ತವೆ. ಅಲ್ಲಿಯವರ ಬಾಯಲ್ಲಿ ಅವು 'ಮನೆ'ಗಳು. ಒಳಗಿರುವುದೆಲ್ಲ ಗುಲಾಬಿ. ತೋಟ ದೇವನಹಳ್ಳಿಯ ದೇವರಾಜ್ ಅವರದು. ನಡೆಸುವವನು ಮ್ಯಾನೇಜರ್ ಕೆಂಪರಾಜ್. ಅವನನ್ನು ಕೇಳದೆ ಅಲ್ಲಿ ಏನೂ ನಡೆಯುತ್ತಿರಲಿಲ್ಲ. ಅದನ್ನು ಅವನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದ.

ಕೆಂಪರಾಜ್ ಇದೇ ತೋಟಕ್ಕೆ ಔಷಧಿ ಪಂಪು ಹೊರುವವನಾಗಿ ಬಂದವನು. ಆಮೇಲೆ ಹೂ ಕೊಯ್ದ, ಹೂವು ವಿಂಗಡಿಸುವ ಗ್ರೇಡಿಂಗ್ ಟೇಬಲ್ಲಿನ ಮುಂದೆ ನಿಂತ, ಸೂಪರ್‌ವೈಸರ್ ಆದ. ಕೊಯ್ಯುವುದರಲ್ಲಿ ಅವನ ಕೈ ಮೀರಿಸುವವರು ಇರಲಿಲ್ಲ. ಮ್ಯಾನೇಜರ್ ಆದ ದಿನ ದೇವರಾಜ್ ಒಂದು ಕುರ್ಚಿ, ಒಂದು ಮೇಜು ಕೊಟ್ಟರು. ಆ ಕುರ್ಚಿಯಲ್ಲಿ ಕೂತು ಮಾಡಬೇಕಾದ ಕೆಲಸ ಯಾವುದೆಂದು ಮಾತ್ರ ಯಾರೂ ಹೇಳಿಕೊಡಲಿಲ್ಲ. ಅವನು ಎದ್ದು ತನಗೆ ಗೊತ್ತಿದ್ದ ಕೆಲಸದ ಕಡೆಗೇ ಹೋದ. ಹೆಂಗಸರ ಕೈಯಿಂದ ಕತ್ತರಿ ಇಸಿದುಕೊಂಡು, 'ಹಿಂಗೆ ಹಿಡೀಬೇಕು' ಎಂದು ತಾನೇ ಕೊಯ್ದು ತೋರಿಸುತ್ತಿದ್ದ. ತೋರಿಸುತ್ತಾ ತೋರಿಸುತ್ತಾ ಅರ್ಧ ಸಾಲು ಮುಗಿಸಿಬಿಡುತ್ತಿದ್ದ.

ಇದರ ಹಿಂದೆ ಒಂದು ಭಯವೂ ಇತ್ತು. ಅವನು ಸೂಪರ್‌ವೈಸರ್ ಆಗಿದ್ದಾಗ ಯಾರೋ ಔಷಧಿಯನ್ನು ಗಟ್ಟಿಯಾಗಿ ಕಲಸಿ ಹೊಡೆದು ಒಂದು ಮನೆಯ ಎಲೆಗಳೆಲ್ಲ ಸುಟ್ಟುಹೋಗಿದ್ದವು. ದೇವರಾಜ್ ಎಲ್ಲರ ಎದುರಿಗೆ, "ನಿನ್ನ ನಂಬಿ ಬಿಟ್ಟಿದ್ದಕ್ಕೆ ಇದಾ?" ಎಂದಿದ್ದರು. ಅಲ್ಲಿಂದ ಮುಂದೆ ತನ್ನ ಕಣ್ಣು ಬೀಳದೆ ಏನೂ ಆಗಬಾರದು ಎಂದುಕೊಂಡ. ದೇವರಾಜ್ ದಿನಕ್ಕೆ ಎಷ್ಟೋ ಸಲ ಫೋನ್ ಮಾಡಿ, ಎಷ್ಟು ಕೊಯ್ದಿರಿ, ನೀರು ಬಿಟ್ಟಿರಾ, ಗಾಳಿಯಾಡಲು ಪಕ್ಕದ ಪರದೆ ಎತ್ತಿದಿರಾ ಎಂದು ಕೇಳುತ್ತಿದ್ದರು. ಅವರಿಗೆ ತಕ್ಷಣ ಉತ್ತರ ಕೊಡಬೇಕೆಂದರೆ ಇವನಿಗೆ ಎಲ್ಲವೂ ತಕ್ಷಣ ಗೊತ್ತಿರಬೇಕು. ಹಾಗಾಗಿ ತೋಟದವರ ವಾಟ್ಸಾಪ್ ಗುಂಪಿಗೆ ಒಂದು ಕಟ್ಟಲೆ ಮಾಡಿದ: ಏನೇ ಮಾಡುವ ಮುಂಚೆ ಫೋಟೋ ಹಾಕಬೇಕು, ತಾನು ಅದಕ್ಕೆ ಒಪ್ಪಿಗೆಯ ಹೆಬ್ಬೆಟ್ಟಿನ ಗುರುತು ಒತ್ತಿದ ಮೇಲೆ ಮಾಡಬೇಕು.

ಒಂದು ಸಲ ನೀರು ಬಿಡುವ ರಾಮಾಂಜಿನಪ್ಪ, ಬಿಸಿಲು ಏರಿತೆಂದು ಕೇಳದೆಯೇ ಪಕ್ಕದ ಪರದೆಗಳನ್ನು ಸುತ್ತಿ ಮೇಲೆತ್ತಿದ್ದ. ಅರ್ಧಗಂಟೆಗೆ ಗಾಳಿ ಎದ್ದು ಒಂದು ಮೂಲೆಯ ಪ್ಲಾಸ್ಟಿಕ್ ಹರಿಯಿತು. ಮುದುಕನೆಂದೂ ನೋಡದೆ ಕೆಂಪರಾಜ್ ಎಲ್ಲರ ಮುಂದೆ ಬೈದ. ಅಂದಿನಿಂದ ರಾಮಾಂಜಿನಪ್ಪ ಹೆಬ್ಬೆಟ್ಟಿನ ಗುರುತು ಬರದೆ ಪರದೆಯ ಹಿಡಿಗೆ ಕೈ ಹಾಕಲಿಲ್ಲ.

ಅಕ್ಟೋಬರ್ ಕೊನೆಯಲ್ಲಿ ಕೆಂಪರಾಜ್‌ನ ದೊಡ್ಡಪ್ಪ ತೀರಿಕೊಂಡರು. ಹನ್ನೊಂದನೇ ದಿನದ ಕಾರ್ಯಕ್ಕೆ ಅವನು ತ್ಯಾಮಗೊಂಡ್ಲಿನ ಊರಮನೆಗೆ ಹೋಗಿ ಎರಡು ದಿನ ನಿಂತ. ಹಿರಿಯರ ಕಾರ್ಯ, ಕೈಯಲ್ಲಿ ಫೋನ್ ಹಿಡಿದು ಕೂರುವಂತಿಲ್ಲ. ಹೆಂಡತಿ ವಾಣಿಶ್ರೀ ಅದನ್ನು ಇಸಿದುಕೊಂಡು ತನ್ನ ಚೀಲಕ್ಕೆ ಹಾಕಿದಳು. ಎರಡು ದಿನವೂ ಅವನು ಅದನ್ನು ನೋಡಿದ್ದು ಊಟದ ಎಲೆ ಎತ್ತಿದ ಮೇಲೆಯೇ. ಆ ಎರಡು ಬೆಳಗ್ಗೆಯೂ ದೊಡ್ಡಬಳ್ಳಾಪುರದ ಕಡೆ ಮಂಜು ಕಚ್ಚಿಕೊಂಡಿತ್ತು. ಇಳಿಬಿಟ್ಟ ಪರದೆಗಳ ಒಳಗೆ ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಬಿಸಿಲು ಬಿದ್ದ ಕೂಡಲೇ ಪರದೆ ಎತ್ತಿ ಗಾಳಿ ಆಡಿಸಬೇಕೆಂಬುದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಸೂಪರ್‌ವೈಸರ್ ಮುನಿತಾಯಮ್ಮ ಫೋಟೋ ಹಾಕಿದಳು, ಮತ್ತೊಂದು ಹಾಕಿದಳು. ಮಧ್ಯಾಹ್ನ ಕಳೆಯುವವರೆಗೂ ಗುರುತು ಬರಲಿಲ್ಲ. ಎಲ್ಲರೂ ಕಾದರು.

ವಾರ ಕಳೆಯುವುದರೊಳಗೆ ಎರಡನೇ ಮನೆಯಲ್ಲಿ ಒದ್ದೆ ಎಲೆಗೆ ಹತ್ತುವ ಬೂಷ್ಟು ರೋಗ, ಡೌನಿ, ಕಾಣಿಸಿಕೊಂಡಿತು. ಎಲೆಯ ಮೇಲೆ ನೇರಳೆ ಮಚ್ಚೆ. ಗಿಡ ಅಲ್ಲಾಡಿಸಿದರೆ ಹಸಿ ಎಲೆಯೇ ಉದುರುತ್ತಿತ್ತು.

"ಪರದೆ ಯಾಕೆ ಎತ್ತಲಿಲ್ಲ?" ಉದುರಿದ ಎಲೆಗಳನ್ನು ಮುಷ್ಟಿಯಲ್ಲಿ ಹಿಡಿದು ಕೆಂಪರಾಜ್ ಕೇಳಿದ.

"ನೀವು ಹೇಳ್ನಿಲ್ವಲ್ಲ ಸಾ," ಎಂದ ರಾಮಾಂಜಿನಪ್ಪ. ಆ ಮಾತಿನಲ್ಲಿ ಕೊಂಕಿರಲಿಲ್ಲ. ಅದೇ ಕೆಂಪರಾಜ್‌ಗೆ ಹೆಚ್ಚು ತಾಗಿತು.

"ನಾನು ಹೇಳ್ದಿದ್ರೆ? ಕಣ್ಣಿಲ್ವಾ ನಿಮಗೆ? ಇಷ್ಟು ವರ್ಷದಿಂದ ಇದೀರಾ!"

"ಕಣ್ಣೈತಪ್ಪ. ಕಣ್ಣು ನಂದು, ಕೈ ನಿಂದು ಅಂತ ನೀನೇ ಮಾಡಿಟ್ಟಿದ್ದೀಯ," ಎಂದು ಮುದುಕ ಪೈಪು ಸುತ್ತಿಕೊಂಡು ಹೋದ.

ಅಂದು ಸಂಜೆ ಮುನಿತಾಯಮ್ಮ ಆಫೀಸಿನ ಬಾಗಿಲಲ್ಲಿ ಬಂದು ನಿಂತಳು. ಗ್ರೇಡಿಂಗ್ ಹಾಲ್ ಮತ್ತು ಕೊಯ್ಲಿನ ಹೆಂಗಸರ ಉಸ್ತುವಾರಿ ಅವಳದು. ಕೆಂಪರಾಜ್ ಪಂಪು ಹೊರುತ್ತಿದ್ದಾಗಲೇ ಅವಳು ಅಲ್ಲಿ ಕೊಯ್ಯುತ್ತಿದ್ದವಳು.

"ಸಂಕ್ರಾಂತಿವರೆಗೂ ಬರ್ತೀನಿ ಸಾ. ಆಮೇಲೆ ಆಗಲ್ಲ. ಆ ಕಡೆ ತೋಟದೋರು ಕರೀತವ್ರೆ."

"ಸಂಬಳ ಏನಾದ್ರೂ..."

"ಸಂಬಳ ಅಲ್ಲ ಬಿಡಿ. ಮನೇಲಿ ಸೊಸೆ ಸಾರಿಗೆ ಉಪ್ಪೆಷ್ಟು ಅಂತ ನನ್ನ ಕೇಳ್ತಾಳೆ. ಇಲ್ಲಿ ಬಂದು ನಾನು, ಸಾರ್ ಬಕೆಟ್ಟಿಗೆ ನೀರು ತುಂಬ್ಲಾ ಅಂತ ಫೋಟೋ ತೆಗ್ದು ಕೇಳ್ಬೇಕು. ಗಿಡ ಕಣ್ಮುಂದೆ ಕೆಡ್ತಿತ್ತು. ಎರಡು ದಿನ ನಿಂತ್ಕೊಂಡು ನೋಡ್ದೆ. ಹಂಗೆ ನಿಂತ್ಕಳೋಳಾಗಿರ್ಲಿಲ್ಲ ನಾನು. ಅದು ನನಗೇ ಹೆದರಿಕೆ ಆಯ್ತು."

ಅವಳು ಹೋದರೆ ಕೊಯ್ಲಿನ ಹೆಂಗಸರು ಒಬ್ಬೊಬ್ಬರಾಗಿ ಅವಳ ಹಿಂದೆಯೇ ಹೋಗುತ್ತಾರೆ, ವರ್ಷಕ್ಕೊಮ್ಮೆ ಪ್ರೇಮಿಗಳ ದಿನದ ಸಂತೆಗೆ ಹೋಗುವ ಫೆಬ್ರವರಿಯ ಹೂವು ಗಿಡದಲ್ಲೇ ಅರಳಿ ಉದುರುತ್ತದೆ. ಇಷ್ಟು ಲೆಕ್ಕ ಅವನಿಗೆ ಕೂಡಲೇ ಹೊಳೆಯಿತು. ಅವಳು ಕೊನೆಗೆ ಹೇಳಿದ ಮಾತು ಮಾತ್ರ ನಿಧಾನಕ್ಕೆ ಒಳಗಿಳಿಯಿತು.

ಮನೆಯಲ್ಲಿ ಉಣ್ಣುವಾಗ ವಾಣಿಶ್ರೀಗೆ ಹೇಳಿದ. ಅವಳು ಅಂಗನವಾಡಿಯ ಟೀಚರು, ಮಾತು ಕಡಿಮೆ.

"ನಾನಿಲ್ದೆ ತೋಟ ನಡೆಯಲ್ಲ ಅಂತಿದ್ರಲ್ಲ, ಈಗ ನಿಜ ಆಯ್ತಲ್ಲ," ಎಂದು ಮಾತ್ರ ಅಂದಳು. ಎರಡು ದಿನ ಅವನಿಲ್ಲದಿದ್ದರೆ ಸಾಯುವಂಥ ತೋಟವನ್ನು ಅವನೇ ಕೈಯಾರೆ ಕಟ್ಟಿದ್ದ.

ಮರುದಿನ ಅವನು ಮುನಿತಾಯಮ್ಮನನ್ನು ಆಫೀಸಿಗೆ ಕರೆಸಲಿಲ್ಲ. ರೋಗ ಬಂದ ಕಡ್ಡಿ ಕತ್ತರಿಸಿ ಚೀಲಕ್ಕೆ ತುಂಬುತ್ತಿದ್ದ ಅವಳ ಹತ್ತಿರ ತಾನೇ ಹೋದ.

"ಅಕ್ಕ, ಸಂಕ್ರಾಂತಿಗೆ ಇನ್ನೂ ದಿನ ಐತೆ. ಅಷ್ಟರೊಳಗೆ ನಾನು ಯಾವುದರಿಂದ ಕೈ ತೆಗೀಬೇಕು, ನೀನೇ ಹೇಳು."

ಅವಳು ನಂಬದವಳ ಹಾಗೆ ನೋಡಿದಳು. "ಎಲ್ಲಾ ಒಟ್ಟಿಗೆ ಬಿಟ್ಬಿಟ್ರೆ ನಿಮಗೂ ನಿದ್ದೆ ಬರಲ್ಲ, ನಮಗೂ ದಿಕ್ಕು ತೋಚಲ್ಲ. ಪರದೆ ಬಿಡಿ. ಮೊದ್ಲು ಅದೊಂದು."

"ಆಯ್ತು. ಹೆಂಗೆ ಎತ್ತೀಯ, ಯಾವಾಗ ಎತ್ತೀಯ ನಾನು ಕೇಳಲ್ಲ. ನನಗೆ ಬೇಕಾಗಿರೋದು ಇಷ್ಟೇ. ಬಿಸಿಲು ಬಿದ್ಮೇಲೆ ಎಲೆ ಒದ್ದೆ ಇರಬಾರ್ದು, ಗಾಳಿಗೆ ಪ್ಲಾಸ್ಟಿಕ್ ಹರೀಬಾರ್ದು."

"ಗಾಳಿ ನನ್ನ ಮಾತು ಕೇಳ್ತದಾ?"

ಅವನು ಬಾಯಿಗೆ ಬಂದದ್ದನ್ನು ನುಂಗಿಕೊಂಡ. "ಕೇಳಲ್ಲ. ಹರಿದ್ರೆ ಬೈಯಲ್ಲ. ಯಾಕೆ ಹರೀತು ಅಂತ ಕೂತು ಮಾತಾಡಾನ. ಸಂಜೆ ಮನೆಗೆ ಹೋಗೋ ಮುಂಚೆ ಆ ದಿನ ಹೆಂಗಾಯ್ತು ಅಂತ ಒಂದು ಮಾತು ಹೇಳು, ಸಾಕು. ಎಲೆ ಮೇಲೆ ಮಚ್ಚೆ ಕಂಡ್ರೆ ಮಾತ್ರ ಎಷ್ಟೊತ್ತಿಗಾದ್ರೂ ಫೋನ್ ಮಾಡು."

"ರಾಮಾಂಜಿನಣ್ಣಂಗೂ ಇದನ್ನ ನೀವೇ ಹೇಳ್ಬೇಕು. ನಾನು ಹೇಳಿದ್ರೆ ಅವನು ಹಿಡಿ ಮುಟ್ಟಲ್ಲ."

ಕೆಂಪರಾಜ್ ಎಲ್ಲರನ್ನೂ ಸೇರಿಸಿದ. ಬೈದದ್ದು ಎಲ್ಲರ ಮುಂದೆ ಆದ್ದರಿಂದ ಇದೂ ಎಲ್ಲರ ಮುಂದೆಯೇ ಆಗಬೇಕೆನ್ನಿಸಿತು. ಪರದೆ ಇನ್ನು ಮುನಿತಾಯಮ್ಮನದು, ಅವಳು ಹೇಳಿದರೆ ಸಾಕು, ಫೋಟೋ ಬೇಡ ಎಂದ. ರಾಮಾಂಜಿನಪ್ಪ ಕಿವಿ ಹತ್ತಿರ ಕೈಯಿಟ್ಟು, "ಇನ್ನೊಂದ್ಸಲ ಹೇಳಪ್ಪ, ಸರಿಯಾಗಿ ಕೇಳಿಸ್ಲಿಲ್ಲ," ಎಂದ. ಹೆಂಗಸರು ಸೆರಗಿನೊಳಗೆ ನಕ್ಕರು. ಅವನು ಇನ್ನೊಂದು ಸಲ ಹೇಳಿದ.

ಹೇಳುವುದು ಸುಲಭವಾಗಿತ್ತು. ಬೆಳಗಾದರೆ ಅವನ ಕೈ ಫೋನಿನ ಕಡೆಗೇ ಹೋಗುತ್ತಿತ್ತು. ಕೇಳುವುದಿಲ್ಲ ಎಂದು ಮಾತು ಕೊಟ್ಟಿದ್ದ. ನೋಡುವುದಿಲ್ಲ ಎಂದು ಕೊಟ್ಟಿರಲಿಲ್ಲ. ಪಾಲಿಹೌಸಿನ ಕ್ಯಾಮೆರಾಗಳು ಅವನ ಮೊಬೈಲಿನಲ್ಲಿ ಕಾಣುತ್ತಿದ್ದವು. ಮನೆಯ ಜಗಲಿಯಲ್ಲಿ ಕಾಫಿ ಲೋಟ ಪಕ್ಕಕ್ಕಿಟ್ಟು ಅದನ್ನೇ ನೋಡುತ್ತಾ ಕೂರತೊಡಗಿದ. ಒಂದು ಬೆಳಗ್ಗೆ ಬಿಸಿಲು ಬಂದಿದ್ದರೂ ಮೂರನೇ ಮನೆಯ ಪರದೆ ಇಳಿಬಿಟ್ಟೇ ಇತ್ತು. ತಡೆಯಲಾರದೆ ರಾಮಾಂಜಿನಪ್ಪನಿಗೆ ಫೋನ್ ಮಾಡಿ, "ಅಕ್ಕನಿಗೆ ಹೇಳ್ಬೇಡ. ಸುಮ್ಮನೆ ಹೋಗಿ ಎತ್ತಿಬಿಡು," ಎಂದ.

ಅವನು ತೋಟಕ್ಕೆ ಬಂದಾಗ ಮುನಿತಾಯಮ್ಮ ಗೇಟಿನಲ್ಲೇ ಇದ್ದಳು.

"ಮೂರನೇ ಮನೇಲಿ ಔಷಧಿ ಹೊಡೀತಿದ್ರು ಸಾ. ಗಾಳಿ ಬೀಸ್ತಿತ್ತು. ಹೊಡೆದು ಮುಗೀಲಿ ಅಂತ ಪರದೆ ಎತ್ತಿರ್ಲಿಲ್ಲ. ನಿಮ್ಮ ಫೋನ್ ಬಂತು, ಅಣ್ಣ ಎತ್ತಿಬಿಟ್ಟ. ಅರ್ಧ ಔಷಧಿ ಗಾಳಿಗೆ ಹೋಯ್ತು."

ಕೆಂಪರಾಜ್ ಮೂರನೇ ಮನೆಯ ಕಡೆ ತಿರುಗಿ ನೋಡಿದ.

"ಎದುರಿಗೆ ಬೈಯೋದಾದ್ರೂ ವಾಸಿ ಇತ್ತು," ಎಂದಳು ಅವಳು. "ಕೊಟ್ಟಂಗೆ ಮಾಡಿ ಹಿಂದಿನಿಂದ ಎಳ್ಕೊಂಡ್ರೆ ಈ ಹೆಂಗಸ್ರ ಮುಂದೆ ನನ್ನ ಮಾತಿಗೆ ಏನು ಬೆಲೆ ಉಳೀತು?"

"ತಪ್ಪಾಯ್ತಕ್ಕ," ಎಂದ. ಅವಳು ಒಪ್ಪಿದಳೋ ಇಲ್ಲವೋ ಗೊತ್ತಾಗಲಿಲ್ಲ. ತಲೆಗೆ ಬಟ್ಟೆ ಬಿಗಿದುಕೊಂಡು ಒಳಗೆ ಹೋದಳು. ಕೆಂಪರಾಜ್ ಬೇಲಿಯ ಪಕ್ಕ ನಿಂತು ಮೊಬೈಲಿನಿಂದ ಕ್ಯಾಮೆರಾದ ಆಪ್ ತೆಗೆದುಹಾಕಿದ. ಕಳ್ಳರ ಭಯಕ್ಕೆ ಹಾಕಿಸಿದ ಕ್ಯಾಮೆರಾ ಅದು, ಕಾವಲಿನವನ ಕೋಣೆಯ ಟೀವಿಯಲ್ಲಿ ಕಂಡರೆ ಸಾಕಿತ್ತು.

ಆ ದಿನ ಅವನಿಗೆ ಇನ್ನೊಂದು ವಿಷಯ ತಿಳಿಯಿತು. ಕ್ಯಾಮೆರಾ ತೆರೆಯುವಂತೆ ಅವನ ಕೈಯನ್ನು ಎಳೆಯುತ್ತಿದ್ದುದು ಪರದೆಯ ಚಿಂತೆ ಒಂದೇ ಅಲ್ಲ, ದೇವರಾಜ್ ಅವರ ಫೋನು ಕೂಡ. ಅದು ಹಾಗೇ ಬರುತ್ತಿದ್ದರೆ ತಾನು ಬಹಳ ದಿನ ತಾಳಲಾರೆ ಎಂದು ಅವನು ದೇವನಹಳ್ಳಿಗೆ ಹೋದ.

ದೇವರಾಜ್ ಕೋಟೆಯ ಹತ್ತಿರದ ತಮ್ಮ ಮನೆಯ ಮುಂದೆ ಕೂತು ಪೇಪರ್ ಓದುತ್ತಿದ್ದರು. ಕೆಂಪರಾಜ್ ನಿಂತುಕೊಂಡೇ ಹೇಳಿದ. "ಸಾರ್, ದಿನಾ ಸಂಜೆ ನಾನೇ ಫೋನ್ ಮಾಡಿ ಎಲ್ಲಾ ಒಪ್ಪಿಸ್ತೀನಿ. ನಡುವೆ ಏನಾದ್ರೂ ಕೆಟ್ಟರೆ ಆಗಲೇ ಹೇಳ್ತೀನಿ. ಮಿಕ್ಕ ಹೊತ್ತು ನೀವು ಮಾಡಬೇಡಿ."

"ಅಂದ್ರೆ ನನ್ನ ತೋಟದ ಬಗ್ಗೆ ನಾನು ಕೇಳಬಾರ್ದಾ?"

"ಕೇಳಿ ಸಾರ್. ನೀವು ಕೇಳಿದಾಗೆಲ್ಲಾ ನಾನು ಓಡಿಹೋಗಿ ಅವರ ಮೇಲೆ ಬೀಳ್ತೀನಿ. ನೀವು ನನಗೆ ಮಾಡಿದ್ದನ್ನ ನಾನು ಅವರಿಗೆ ಮಾಡ್ತಾ ಬಂದೆ. ಎರಡನೇ ಮನೆ ಹೋಗಿದ್ದು ಹಂಗೇನೆ."

ದೇವರಾಜ್ ಕನ್ನಡಕ ತೆಗೆದರು. ಕೋಪ ಬಂದಿತ್ತು. "ಫೆಬ್ರವರಿ ಹೂವು ಕೈ ಕೊಟ್ರೆ?"

"ಕೈ ಕೊಟ್ರೆ ನನ್ನ ಕೇಳಿ. ಅವರನ್ನ ಅಲ್ಲ."

ದೇವರಾಜ್ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಮರುದಿನದಿಂದ ಅವರ ಫೋನು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಬಂದದ್ದಕ್ಕೆ ಕೆಂಪರಾಜ್, "ಸಂಜೆ ಹೇಳ್ತೀನಿ ಸಾರ್," ಎನ್ನುವುದನ್ನು ಕಲಿತ.

ಪರದೆಯ ಮೇಲಿನ ದಿಗಿಲು ಇಳಿದಂತೆ ಅವನು ನೀರು ಗೊಬ್ಬರವನ್ನು ರಾಮಾಂಜಿನಪ್ಪನಿಗೆ ಬಿಟ್ಟ. ಪೈಪಿನಿಂದ ಬರುವ ಗೊಬ್ಬರದ ನೀರು ಎಷ್ಟು ಗಟ್ಟಿಯೆಂದು ಮೀಟರು ಅದ್ದಿ ಅಳೆಯುವುದು ಮುದುಕನಿಗೆ ಬರುತ್ತಿರಲಿಲ್ಲ. ಕೆಂಪರಾಜ್ ಒಂದು ವಾರ ಪಕ್ಕದಲ್ಲಿ ನಿಂತು ಕಲಿಸಿದ. ಅವನು ತಪ್ಪು ಓದಿದಾಗ ಮೀಟರು ಇಸಿದುಕೊಳ್ಳದೆ, "ಇನ್ನೊಂದ್ಸಲ ಅದ್ದಿ ನೋಡಣ್ಣ," ಎಂದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಕಲಿಯದವನ ಮೇಲೆ ಕೆಲಸ ಹೇರಿ ದೂರ ಹೋಗುವುದು ಬಿಟ್ಟುಕೊಡುವುದಲ್ಲ ಎಂಬುದು ಅಲ್ಲಿ ಗೊತ್ತಾಯಿತು. ಮುದುಕನಿಗೆ ಅಳತೆ ಕೂತಿತೆಂದು ಖಾತ್ರಿಯಾದ ದಿನ ಅವನು ಪಂಪಿನ ಮನೆಗೆ ಹೋಗುವುದನ್ನು ನಿಲ್ಲಿಸಿದ.

ಅದಾದ ಮೇಲೆ ಕೊಯ್ಲು. ಮೊಗ್ಗು ಎಷ್ಟು ಬಿರಿದಾಗ ಕೊಯ್ಯಬೇಕೆಂಬುದು ಅವನ ಅತಿ ಪ್ರೀತಿಯ ವಿಷಯ. ಅದನ್ನು ಕೊಡುವಾಗ ಮನೆಯ ಸಾಮಾನು ಕೊಟ್ಟಂತೆ ಅನ್ನಿಸಿತು. ಕೊಟ್ಟ ಕೆಲವೇ ದಿನಕ್ಕೆ ಬೆಂಗಳೂರಿನ ವ್ಯಾಪಾರಿ ಫೋನ್ ಮಾಡಿ, ಮೊಗ್ಗು ಬಿಗಿಯಾಗಿವೆ, ಅರಳದೆ ಕತ್ತು ಬಾಗಿಸುತ್ತಿವೆ ಎಂದು ಕೂಗಾಡಿದ.

ಕೆಂಪರಾಜ್ ಗ್ರೇಡಿಂಗ್ ಹಾಲ್‌ನ ಬಾಗಿಲವರೆಗೆ ದಾಪುಗಾಲಿನಲ್ಲಿ ಹೋದ. 'ನಾಳೆಯಿಂದ ನಾನೇ ನೋಡ್ಕೋತೀನಿ' ಎಂಬ ಮಾತು ನಾಲಗೆಯ ತುದಿಯಲ್ಲೇ ಇತ್ತು. ಒಳಗೆ ಹೆಂಗಸರು ಹೂವಿನ ಕಡ್ಡಿಗಳನ್ನು ಅಳತೆಗೆ ಹಿಡಿದು ಕಟ್ಟು ಕಟ್ಟುತ್ತಿದ್ದರು. ಅವನನ್ನು ಕಂಡ ಕೂಡಲೇ ಎಲ್ಲರ ಕೈ ನಿಧಾನವಾಯಿತು. ಆ ನಿಧಾನವನ್ನು ಅವನು ವರ್ಷಗಳಿಂದ ಗೌರವ ಎಂದುಕೊಂಡಿದ್ದ. ಅದು ಅಪ್ಪಣೆಗೆ ಕಾಯುವ ಕೈಗಳ ನಿಧಾನ ಎಂದು ಅವತ್ತು ಕಾಣಿಸಿತು.

ಮುನಿತಾಯಮ್ಮನನ್ನು ಹೊರಗೆ ಕರೆದ. ವ್ಯಾಪಾರಿ ಹೇಳಿದ್ದನ್ನು ಹಾಗೇ ಹೇಳಿದ, ಹೆಚ್ಚಿಸಲಿಲ್ಲ, ಮುಚ್ಚಿಡಲಿಲ್ಲ.

"ನಿನಗೇನು ಅನ್ನಿಸ್ತದೆ ಅಕ್ಕ?"

ಅವಳ ಮುಖ ಬಾಡಿತು. "ಸಂಜೆ ಕೊಯ್ಲಿನದು ಅನ್ಸುತ್ತೆ. ಮನೆಗೆ ಬಿಡೋ ವ್ಯಾನು ಬೇಗ ಹೊರಡ್ತದೆ ಅಂತ ಹೆಂಗಸ್ರು ಅವಸರ ಮಾಡಿ ಬೆಳಗ್ಗೆಗೆ ಬಿಡ್ಬೇಕಾಗಿದ್ದನ್ನೂ ಕೊಯ್ದವ್ರೆ. ನಾನು ಕೊಯ್ದ ಹೂವಿನ ಬಕೆಟ್ಟು ನೋಡ್ಬೇಕಿತ್ತು, ನೋಡ್ನಿಲ್ಲ. ನಂದೇ ತಪ್ಪು."

"ಏನು ಮಾಡ್ತೀಯ?"

"ಬಕೆಟ್ಟು ನಾನು ನೋಡ್ತೀನಿ. ವ್ಯಾನಿಂದು ನನ್ನ ಕೈಲಿಲ್ಲ, ಅದು ನಿಮ್ಮದು."

ಅವನು ಅಂದೇ ವ್ಯಾನಿನ ಮಾಲೀಕನ ಹತ್ತಿರ ಹೋಗಿ ಮಾತಾಡಿ, ಸಂಜೆ ಅದು ಸ್ವಲ್ಪ ತಡವಾಗಿ ಹೊರಡುವಂತೆ ಮಾಡಿದ. ಕತ್ತರಿ ಕೈಗೆತ್ತಿಕೊಳ್ಳಲಿಲ್ಲ. ಮ್ಯಾನೇಜರ್ ಆದಮೇಲೆ ತಾನು ಮಾಡಿದ ಮೊದಲ ಮ್ಯಾನೇಜರ್ ಕೆಲಸ ಇದೇ ಇರಬೇಕು ಎಂದು ದಾರಿಯಲ್ಲಿ ಅನ್ನಿಸಿ ನಾಚಿಕೆಯಾಯಿತು.

ಡಿಸೆಂಬರ್ ಅರ್ಧ ಕಳೆದಿತ್ತು. ಫೆಬ್ರವರಿಯ ಹೂವಿಗೆ ಕಡ್ಡಿ ಚಿವುಟುವ ಕಾಲ ಹತ್ತಿರ ಬಂತು. ಚಳಿಯಲ್ಲಿ ಚಿವುಟಿದ ಕಡ್ಡಿ ಹೊಸದಾಗಿ ಚಿಗುರಿ ಹೂ ಕೊಡಲು ಹೆಚ್ಚುಕಡಿಮೆ ಏಳು ವಾರ. ದಿನ ತಪ್ಪಿದರೆ ಹೂವು ಸಂತೆ ಕಳೆದ ಮೇಲೆ ಬರುತ್ತದೆ. ಆ ದಿನವನ್ನು ಪ್ರತಿವರ್ಷ ಕೆಂಪರಾಜ್ ಗೊತ್ತುಮಾಡುತ್ತಿದ್ದ. ಮೂರೂ ಮನೆಗೆ ಒಂದೇ ಸಲ.

"ಈ ಸಲ ನೀನೇ ಹೇಳಕ್ಕ," ಎಂದ.

ಮುನಿತಾಯಮ್ಮ ಎರಡನೇ ಮನೆಯ ಸಾಲುಗಳ ನಡುವೆ ನಡೆದುಬಂದಳು. ಬೋಳಾಗಿದ್ದ ಗಿಡಗಳಲ್ಲಿ ಕೆಂಪು ಚಿಗುರು ಮೂಡಿತ್ತು, ಎಲೆ ಇನ್ನೂ ತೆಳ್ಳಗಿತ್ತು.

"ಇವು ಜ್ವರ ಬಿಟ್ಟ ಮಕ್ಕಳಿದ್ದಂಗೆ ಸಾ. ಎಲೆ ಕಮ್ಮಿ, ಶಕ್ತಿ ಕಮ್ಮಿ. ಜಾಸ್ತಿ ದಿನ ತಗೊಳ್ತವೆ. ಇವನ್ನ ಈಗ್ಲೇ ಚಿವುಟ್ಬಿಡಾನ. ಮಿಕ್ಕ ಎರಡು ಮನೆ ಕ್ರಿಸ್‌ಮಸ್ ಹೊತ್ತಿಗೆ."

"ಜನವರಿ ಕೊನೆಗೆ ಬಿಸಿಲು ಜೋರಾಗಿಬಿಟ್ರೆ? ಈ ಮನೆಯದೆಲ್ಲ ಮೊದ್ಲೇ ಅರಳಿಬಿಡ್ತದೆ. ನನಗೆ ಭಯ ಆಗ್ತದೆ ಅಕ್ಕ. ನಾನಾಗಿದ್ರೆ ಎಲ್ಲಾ ಒಂದೇ ದಿನ ಮಾಡ್ತಿದ್ದೆ."

"ಮೊದ್ಲು ಬಂದಿದ್ದನ್ನ ಕೋಲ್ಡ್ ರೂಮಲ್ಲಿ ನಾಕು ದಿನ ಇಡಬೋದು. ತಡವಾಗಿದ್ದನ್ನ ಏನು ಮಾಡ್ತೀರಾ? ಎಳೆದು ತರಕ್ಕಾಯ್ತದಾ?"

ಅವಳದು ಸರಿ ಎಂದು ಅವನಿಗೆ ಪೂರ್ತಿ ಅನ್ನಿಸಲಿಲ್ಲ. ದೇವರಾಜ್ ಮುಂದೆ ತಾನು ಆಡಿದ ಮಾತು ನೆನಪಾಯಿತು.

"ನನ್ನ ಭಯ ನಾನು ಹೇಳಿದೀನಿ," ಎಂದ ಕೊನೆಗೆ. "ತೀರ್ಮಾನ ನಿಂದು."

ಅವಳು ಅವನ ಮುಖವನ್ನೇ ನೋಡಿದಳು. ಹಿಂದಿನಿಂದ ಎಳೆಯುವ ಹಗ್ಗ ಎಲ್ಲಾದರೂ ಇದೆಯೋ ಎಂದು ಹುಡುಕುವವಳಂತೆ ನೋಡಿದಳು. ಆಮೇಲೆ ಹೆಂಗಸರ ಕಡೆ ತಿರುಗಿ, "ಬರ್ರೇ, ಎಲ್ಲಾ ಕತ್ತರಿ ತಗೊಳ್ರಿ," ಎಂದು ಕೂಗಿದಳು.

ಸಂಕ್ರಾಂತಿ ಬಂತು. ಹಬ್ಬಕ್ಕೆ ಮುಂಚಿನ ಸಂಜೆ ಅವಳು ಎಂದಿನಂತೆ ಪರದೆ, ಕೊಯ್ಲು, ಎರಡನೇ ಮನೆಯ ಚಿಗುರು ಎಷ್ಟುದ್ದವಾಯಿತು ಎಂಬುದನ್ನೆಲ್ಲ ಹೇಳಿದಳು. ತಾನು ಬಿಡುವ ಮಾತು ಎತ್ತಲಿಲ್ಲ. ಕೆಂಪರಾಜ್ ಕೇಳಬೇಕೆಂದು ಬಾಯಿ ತೆರೆದವನು ಸುಮ್ಮನಾದ. ಕೇಳಿದರೆ ಅದೂ ಒತ್ತಾಯವೇ ಆದೀತು. ಹಬ್ಬದ ದಿನವೆಲ್ಲ ಅವನ ಮನಸ್ಸು ಮನೆಯಲ್ಲಿರಲಿಲ್ಲ. ಎರಡು ಸಲ ಫೋನು ಕೈಗೆತ್ತಿಕೊಂಡು ಇಟ್ಟ.

ಮಾರನೆಯ ಬೆಳಗ್ಗೆ ಅವನು ಬಂದಾಗ ಹೆಂಗಸರ ವ್ಯಾನು ಆಗಲೇ ಬಂದು ನಿಂತಿತ್ತು. ಅದರ ಸುತ್ತ ಮುನಿತಾಯಮ್ಮ ಕಾಣಲಿಲ್ಲ. ಅವನು ನೇರವಾಗಿ ಎರಡನೇ ಮನೆಯ ಹತ್ತಿರ ಹೋದ. ಅವಳು ಒಳಗೆ ಕೂತು ಒಂದು ಕಡ್ಡಿಯ ತುದಿಯನ್ನು ಬೆರಳಿನಿಂದ ಎತ್ತಿ ನೋಡುತ್ತಿದ್ದಳು. ತುದಿಯಲ್ಲಿ ಕಡಲೆಕಾಳಿನಷ್ಟು ಮೊಗ್ಗು.

"ಹಬ್ಬ ಆಯ್ತಾ ಸಾ?" ಎಂದಳು ತಿರುಗದೆ.

"ಆಯ್ತು. ನೀನು..."

"ಆ ತೋಟದೋರು ನಿನ್ನೆ ಮನೆ ಹತ್ರನೇ ಬಂದಿದ್ರು." ಅವಳು ಮೊಗ್ಗನ್ನು ಬಿಟ್ಟು ಪಕ್ಕದ ಕಡ್ಡಿಗೆ ಹೋದಳು. "ಈಗ ಆಗಲ್ಲ ಅಂತ ಹೇಳ್ದೆ. ಚಿವುಟೋ ದಿನ ಇಟ್ಟೋಳು ನಾನು. ಬೇಗ ಅರಳ್ತದೋ, ಹೊತ್ತಿಗೆ ಸರಿಯಾಗಿ ಬರ್ತದೋ, ಅದನ್ನ ನೋಡ್ದೆ ಹೋದ್ರೆ ನನಗೆ ಅನ್ನ ಇಳಿಯಲ್ಲ. ಈ ಹೂವು ಕೊಯ್ದು ಕಳಿಸ್ತೀನಿ. ಆಮೇಲಿಂದು ಆಮೇಲೆ."

ಆಮೇಲೆ ಎಂದರೆ ಏನೆಂದು ಅವನು ಕೇಳಲಿಲ್ಲ. ಅವಳಿಗೂ ಅದು ಗೊತ್ತಿರಲಿಕ್ಕಿಲ್ಲ.

ಬಿಸಿಲು ಏರುತ್ತಿತ್ತು. ಹೆಂಗಸರು ಬಕೆಟ್ಟು ಹಿಡಿದು ಒಬ್ಬೊಬ್ಬರಾಗಿ ಒಳಗೆ ಬಂದರು. ಇಬ್ಬರು ಅವನನ್ನು ನೋಡಿ ನಿಂತರು.

"ಅಲ್ಲೇನು ನೋಡ್ತೀರಾ? ಪೂರ್ವದ ಸಾಲಿಂದ ಶುರು ಮಾಡಿ," ಎಂದಳು ಮುನಿತಾಯಮ್ಮ. ಆಮೇಲೆ ಅವನ ಕಡೆ ತಿರುಗಿ, ಹೇಳಲೋ ಬೇಡವೋ ಎಂದು ಯೋಚಿಸಿ, ಮೆತ್ತಗೆ ಅಂದಳು: "ಸಾ, ಸ್ವಲ್ಪ ಆಚೆ ಹೋಗಿ. ನೀವಿದ್ರೆ ಇವ್ರ ಕೈ ಓಡಲ್ಲ."

"ಹೋಗ್ತೀನಿ," ಎಂದು ಅವನು ಬದಿಗೆ ಸರಿದು ಹೆಂಗಸರಿಗೆ ದಾರಿ ಬಿಟ್ಟ.